ಬೆನ್ನಿಗೆ ಹೇಳಿದ ಕಥೆ

ಹೋದ ವಾರ ಹಾವೇರಿಯ ಒಂದು ಕಿರಾಣಿ ಅಂಗಡಿಯಲ್ಲಿ ನಿಂತಿದ್ದೆ. ನನಗಿಂತ ಮುಂದಿದ್ದವರು ಮಸಾಲೆ ಸಾಮಾನು ಕೇಳಿದರು. ಅಂಗಡಿಯವರು ಲವಂಗದ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆ ನೇರ ಬಂದು ಮುಖಕ್ಕೆ ತಾಗಿತು. ನಾನು ಏನು ತರಲು ಬಂದಿದ್ದೆನೋ ಅದೇ ಮರೆತುಹೋಯಿತು. ರಾಣೆಬೆನ್ನೂರಿನ ನಮ್ಮ ಮನೆಯ ಹಿಂದಿನ ಕೋಣೆ, ಕಿಟಕಿಗೆ ಅಡ್ಡ ಕಟ್ಟಿದ ಹಸಿರು ಸೀರೆ, ಅದರ ಮಬ್ಬು ಬೆಳಕಿನಲ್ಲಿ ಗೋಡೆಗೆ ಒರಗಿ ಕುಳಿತ ಒಬ್ಬ ಅಜ್ಜಿ, ಆಕೆಯ ಎದೆಯ ಮೇಲೆ ನನ್ನ ಮಗಳು...

ಆಕೆಯನ್ನು ನಾವು ಬಾಲವಾಡಿ ಅಜ್ಜಿ ಎನ್ನುತ್ತಿದ್ದೆವು. ಇಪ್ಪತ್ತೈದು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಮಕ್ಕಳನ್ನು ಮನೆಯಿಂದ ಕರೆತರುವುದು, ಉಪ್ಪಿಟ್ಟು ಬೇಯಿಸುವುದು, ಉಂಡ ಮೇಲೆ ಮಲಗಿಸುವುದು ಆಕೆಯ ಕೆಲಸ. ಕೆಲಸ ಬಿಟ್ಟ ಮೇಲೆ ನಮ್ಮ ಹಿತ್ತಲ ಕಡೆಯ ಕೋಣೆಗೆ ಬಾಡಿಗೆಗೆ ಬಂದಿದ್ದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಯಾವಾಗಲೂ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದಳು. ಕೇಳಿದರೆ ಹಲ್ಲುನೋವಿಗೆ ಎನ್ನುತ್ತಿದ್ದಳು. ಆ ಬದಿಯಲ್ಲಿ ಹಲ್ಲೇ ಇರಲಿಲ್ಲ.

ಆಗ ನಾನು ಬ್ಯಾಡಗಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಮನೆ ಸೇರುವಾಗ ಸಂಜೆ. ಮೆಣಸಿನಕಾಯಿ ಸುಗ್ಗಿಯಲ್ಲಂತೂ ಇಡೀ ಊರಿನ ಗಾಳಿಯೇ ಘಾಟು. ಸೀರೆಗೆ ಹತ್ತಿದ ಖಾರ ಮಗುವಿನ ಕಣ್ಣಿಗೆ ತಾಗೀತೆಂದು ಸ್ನಾನ ಮಾಡುವ ತನಕ ನಾನು ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ನನ್ನ ಗಂಡನದು ಬೀಜದ ಅಂಗಡಿ. ಮನೆಯಲ್ಲಿ ಅತ್ತೆ ಇದ್ದರು, ಆದರೆ ಅವರಿಗೆ ಮಂಡಿನೋವು. ಓಡುವ ಮಗುವಿನ ಹಿಂದೆ ಓಡಲು ಆಗುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಮಗಳು ಚಿನ್ನಿಯನ್ನು ಮಲಗಿಸುವ ಕೆಲಸ ಬಾಲವಾಡಿ ಅಜ್ಜಿಯ ಪಾಲಿಗೆ ಬಂತು. ಚಿನ್ನಿಗೆ ಆಗ ಎರಡು ವರ್ಷಕ್ಕೆ ಎರಡು ತಿಂಗಳು ಕಡಿಮೆ.

ಮಲಗಿಸಲು ಆಕೆ ಹೇಳುತ್ತಿದ್ದುದು ಒಂದೇ ಕಥೆ. ಒಂದು ಆನೆಮರಿಗೆ ನಿದ್ದೆ ಬಂದಿದೆ. ತಾಯಿ ಕರೆಯುತ್ತಾಳೆ. ಆದರೆ ಮರಿ ಮಲಗುವ ಮೊದಲು ಕಾಡಿನ ಗೆಳೆಯರಿಗೆಲ್ಲ ಹೇಳಿ ಬರಬೇಕು. ಮೊದಲು ಮಂಗ, ಆಮೇಲೆ ಗಿಳಿ, ಆಮೇಲೆ ಆಕೆ ಚಿಗರಿ ಎನ್ನುತ್ತಿದ್ದ ಜಿಂಕೆ, ಮೊಲ, ಆಮೆ, ಕಡೆಗೆ ಇರುವೆ. ಪ್ರತಿಯೊಬ್ಬರ ಹತ್ತಿರವೂ ಅದೇ ಮಾತು: "ಮಂಗಣ್ಣ ಮಂಗಣ್ಣ, ನನಗ ನಿದ್ದಿ ಬಂದೈತಿ. ನೀನೂ ಮಲಕ್ಕೋ." ಆಮೇಲೆ, "ಆನಿಮರಿ ಆಕಳಿಸ್ತು. ಕಿವಿ ಬೀಸ್ತು. ಧಪ್... ಧಪ್... ಮುಂದ ಹೋತು." ಇರುವೆಗೆ ಹೇಳಿಯಾದ ಮೇಲೆ ಮರಿ ನೆಲಕ್ಕೆ ಅಡ್ಡಾಗುತ್ತದೆ. ತಾಯಿ ಅದರ ಮೇಲೆ ನೆರಳಾಗಿ ನಿಂತುಕೊಳ್ಳುತ್ತಾಳೆ. ಕಥೆ ಮುಗಿಯಿತು.

ಒಂದು ರಜೆಯ ದಿನ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, "ಇದರೊಳಗ ಏನೂ ಆಗೂದ ಇಲ್ಲಲ್ರಿ ಅಜ್ಜಿ" ಎಂದಿದ್ದೆ. ಆಕೆ ನಕ್ಕಳು. "ಏನೂ ಆಗಬಾರದವಾ. ಏನಾರ ಆದ್ರ ಕೂಸು ಮುಂದೇನಾತು ಅಂತ ಎದ್ದು ಕುಂದರ್ತೈತಿ."

ಆ ಕಥೆಯ ಒಳಗಿನ ಲೆಕ್ಕಾಚಾರ ಆಮೇಲೆ ತಿಳಿಯುತ್ತಾ ಹೋಯಿತು. ಮಂಗ ಮೊದಲು ಬರುವುದು ಯಾಕೆಂದರೆ ಉಂಡ ಮಗು ಆಗ ಮಂಗನ ಹಾಗೇ ಕುಣಿಯುತ್ತಿರುತ್ತದೆ. ಅದು ಎಲ್ಲಿದೆಯೋ ಅಲ್ಲಿಂದಲೇ ಕರೆದುಕೊಂಡು ಹೊರಡಬೇಕು. ಮಂಗನಿಗೆ ಆಕೆ ಗಟ್ಟಿ ದನಿಯಲ್ಲಿ, ಮೈ ಅಲುಗಿಸಿ ಹೇಳುತ್ತಿದ್ದಳು. ಗಿಳಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಚಿಗರಿಗೆ ನಾವು ದಿನಾ ಮಾತಾಡುವ ದನಿ. ಮೊಲದ ಹತ್ತಿರ ಬಂದಾಗ ದನಿ ಇಳಿದು ಗುಟ್ಟು ಹೇಳಿದ ಹಾಗಾಗುತ್ತಿತ್ತು. ಆಮೆಗೆ ಇನ್ನೂ ಮೆಲ್ಲಗೆ, ಮಾತಿನ ನಡುವೆ ಉದ್ದುದ್ದ ಬಿಡುವು. ಇರುವೆಗೆ ಬರೀ ಉಸಿರು. ಆನೆಮರಿಯ ಹೆಜ್ಜೆಯೂ ನಿಧಾನವಾಗುತ್ತಾ, ಕೊನೆಗೆ ಮಗುವಿನ ಉಸಿರಾಟದ ಜೊತೆ ಒಂದಾಗುತ್ತಿತ್ತು. ಆಕಳಿಕೆ ಮಾತ್ರ ನಿಜವಾದ ಆಕಳಿಕೆ. ಎದುರಿಗಿದ್ದವರು ಆಕಳಿಸಿದರೆ ನಮಗೂ ಬರುತ್ತದಲ್ಲ, ಹಾಗೆ. ಕಥೆಯ ನಡುವೆ ಮಗುವನ್ನು ಯಾವ ಪ್ರಶ್ನೆಯನ್ನೂ ಕೇಳುವಂತಿರಲಿಲ್ಲ. ಹುಲಿ ಬರುವಂತಿರಲಿಲ್ಲ. ಒಂದು ಶಬ್ದವನ್ನೂ ಬದಲಿಸುವಂತಿರಲಿಲ್ಲ. ಮುಂದೇನು ಬರುತ್ತದೆ ಎಂದು ಗೊತ್ತಿದ್ದರೆ ಮಗು ಕಾವಲು ಕಾಯುವುದನ್ನು ಬಿಟ್ಟು ಕಣ್ಣು ಮುಚ್ಚುತ್ತದೆ, ಎನ್ನುತ್ತಿದ್ದಳು.

ಪ್ರತಿ ಪ್ರಾಣಿಗೂ ಒಂದೊಂದು ಕೈಸನ್ನೆ ಇತ್ತು. ಚಿನ್ನಿಗೆ ಎಲ್ಲವೂ ಬಾಯಿಪಾಠ, ಅಲ್ಲ, ಕೈಪಾಠವಾಗಿದ್ದವು. ಗಿಳಿಗೆ ಎರಡು ಬೆರಳು ಕೂಡಿಸಿ ಕೊಕ್ಕು ಮಾಡುತ್ತಿದ್ದಳು, ಚಿಗರಿಗೆ ಕೋಡು, ಮೊಲಕ್ಕೆ ತಲೆಯ ಮೇಲೆ ಎರಡು ಕೈ. ಆದರೆ ಮಾತು ಮಾತ್ರ "ಅವ್ವ", "ಬಾ" ಬಿಟ್ಟರೆ ಹೆಚ್ಚು ಬಂದಿರಲಿಲ್ಲ.

ಮಲಗಿಸುವುದೂ ಕಷ್ಟವಾಗಿತ್ತು. ಅಂಗನವಾಡಿಯ ಮಕ್ಕಳೆಲ್ಲ ಮೊಲದ ಹೊತ್ತಿಗೆ ಅರೆಗಣ್ಣಾಗುತ್ತಿದ್ದರಂತೆ. ಚಿನ್ನಿ ಮಾತ್ರ ಚಿಗರಿಯ ತನಕ ತಣ್ಣಗಿದ್ದು, ಮೊಲ ಬಂದದ್ದೇ ಚಡಪಡಿಸುತ್ತಿದ್ದಳು. ಅಜ್ಜಿಯ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಕಣ್ಣು ಅಗಲಿಸಿ ತುಟಿಯನ್ನೇ ನೋಡುತ್ತಿದ್ದಳು. ನಿದ್ದೆ ತರಬೇಕಾದ ಜಾಗದಲ್ಲೇ ಕಥೆ ಅವಳನ್ನು ಎಬ್ಬಿಸುತ್ತಿತ್ತು. ನಾವು ಹಟ ಎಂದುಕೊಂಡಿದ್ದೆವು.

ಒಂದು ಭಾನುವಾರ ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಆಕೆ ಹತ್ತಿರ ಬಂದು ನಿಂತಳು. ಒಂದು ಒದ್ದೆ ಟವೆಲ್ಲು ಹಿಂಡಿ ಹಗ್ಗಕ್ಕೆ ಹಾಕಿದಳು. ಆಮೇಲೆ, "ಯವ್ವಾ, ಚಿನ್ನಿಗೆ ಸಣ್ಣ ದನಿ ಕೇಳಸಂಗಿಲ್ಲ ಅನಸ್ತೈತಿ" ಎಂದಳು.

ನಾನು ಅರ್ಥವಾಗದೆ ನೋಡಿದೆ. ಆಕೆ ವಾರದಿಂದ ಮಾಡಿದ್ದನ್ನು ಹೇಳಿದಳು. ಮಗುವನ್ನು ಮುಖ ಕಾಣದ ಹಾಗೆ, ಬೆನ್ನು ತನ್ನ ಕಡೆ ಮಾಡಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಳಂತೆ. ಕೈಸನ್ನೆ ಮಾಡದೆ ಕಥೆ ಹೇಳಿದಳಂತೆ. ಬೇಕೆಂದೇ ಗಿಳಿಯನ್ನು ಬಿಟ್ಟಳು. ಚಿನ್ನಿ ತಕ್ಷಣ ಕೊಕ್ಕು ಮಾಡಿ ತೋರಿಸಿ ಗೊಣಗಿದಳು. ಮರುದಿನ ಮೊಲವನ್ನು ಬಿಟ್ಟಳು. ಮಗು ಸುಮ್ಮನಿತ್ತು. ಇನ್ನೊಂದು ದಿನ ಅದೇ ಪಿಸುದನಿಯಲ್ಲಿ ಮೊಲದ ಜಾಗದಲ್ಲಿ ಅಕ್ಕಿ, ಬೇಳೆ, ಬೆಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದಳು. ಆಗಲೂ ಸುಮ್ಮನಿತ್ತು. ಕಡೆಗೆ ಮೊಲವನ್ನು ಮಂಗನ ದನಿಯಲ್ಲಿ, ಗಟ್ಟಿಯಾಗಿ ಹೇಳಿದಳು. ಚಿನ್ನಿಯ ಎರಡೂ ಕೈ ತಲೆಯ ಮೇಲೆ ಹೋದವು.

"ಒಂದು ಶಬ್ದ ಬಿಟ್ರ ಜಗಳಾ ತಗಿಯೂ ಕೂಸು ಅದು. ಮೊಲಾನ ಮರ್ತು ಸುಮ್ಮನ ಕುಂದರೂದಿಲ್ಲ. ಅಕಿಗೆ ಮುಟ್ಟೇ ಇಲ್ಲ ತಂಗಿ. ದವಾಖಾನಿಗೆ ತೋರಸ್ರಿ."

ನನಗೆ ಸಿಟ್ಟು ಬಂತು. ಹೆದರಿಕೆಯೇ ಸಿಟ್ಟಾಗಿ ಬಂತು ಎಂದು ಈಗ ಹೇಳಬಹುದು. ಆಗ ಹಾಗೆ ಅನಿಸಲಿಲ್ಲ. ಉಪ್ಪಿಟ್ಟು ಬೇಯಿಸಿಕೊಂಡಿದ್ದವಳು ನನ್ನ ಮಗಳಿಗೆ ಕಿವುಡು ಹಚ್ಚುತ್ತಿದ್ದಾಳೆ ಎಂದೇ ಅನಿಸಿತು. ಅತ್ತೆಯೂ ಒಳಗಿನಿಂದಲೇ ಕೇಳಿಸಿಕೊಂಡು, "ನಮ್ಮ ಮನಿತನದಾಗ ಎಲ್ಲಾ ಮಕ್ಕಳೂ ತಡಾನ ಮಾತಾಡ್ಯಾವು. ಇವನ ಮೂರು ವರ್ಷಕ್ಕ ಬಾಯಿ ಬಿಟ್ಟಾನ" ಎಂದು ನನ್ನ ಗಂಡನ ಉದಾಹರಣೆ ಕೊಟ್ಟರು. ನಾನು ಬಾಲವಾಡಿ ಅಜ್ಜಿಗೆ, "ನಾಳಿಂದ ಚಿನ್ನಿ ಮನ್ಯಾಗ ಮಲಗ್ತಾಳ್ರಿ. ನಿಮಗ್ಯಾಕ ತ್ರಾಸು" ಎಂದುಬಿಟ್ಟೆ. ಆಕೆ ತಲೆ ಆಡಿಸಿ ಹೋದಳು. ಟವೆಲ್ಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಅವತ್ತಿನಿಂದ ಹಿತ್ತಲ ಬಾಗಿಲು ಹಾಕಿಯೇ ಇತ್ತು.

ಮುಂದಿನ ಹನ್ನೆರಡು ದಿನ ನಾನು ಕಳ್ಳಿಯ ಹಾಗೆ, ಯಾರಿಗೂ ಕಾಣದಂತೆ ಮಗಳನ್ನು ಪರೀಕ್ಷೆ ಮಾಡಿದೆ. ಅವಳ ಹಿಂದೆ ಸ್ಟೀಲಿನ ತಟ್ಟೆ ಬೀಳಿಸಿದೆ. ತಿರುಗಿದಳು. ಕುಕ್ಕರ್ ಕೂಗಿತು. ತಿರುಗಿದಳು. ಬಾಗಿಲು ಬಡಿದೆ. ತಿರುಗಿದಳು. ಪ್ರತಿಸಲವೂ ಒಂದು ಗಂಟೆಯ ಸಮಾಧಾನ. ಆಮೇಲೆ ಮತ್ತೆ ಅದೇ ಮಾತು ಒಳಗೆ ಕೊರೆಯುತ್ತಿತ್ತು. ಆಕೆ ಹೇಳಿದ್ದು ಸಣ್ಣ ದನಿ ಎಂದು, ತಟ್ಟೆ ಎಂದಲ್ಲ. ಇದು ಎಂಟನೇ ತರಗತಿಗೆ ಶಬ್ದದ ಪಾಠ ಮಾಡುವ ನನಗೆ ತಿಳಿಯದ್ದೇನಲ್ಲ. ತಿಳಿಯಲು ಇಷ್ಟವಿರಲಿಲ್ಲ, ಅಷ್ಟೇ.

ಹದಿಮೂರನೆಯ ದಿನ ಶಾಲೆಗೆ ರಜೆ. ಚಿನ್ನಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದೇ ಇತ್ತು, ಗೋಡೆಯ ಮೇಲಿನ ಬಣ್ಣದ ಚಕ್ಕೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಾನು ಬೆನ್ನ ಹಿಂದೆ ಮಲಗಿ ಕಥೆ ಶುರು ಮಾಡಿದೆ. ಮಂಗನಿಗೆ ಅವಳ ಕೈ ನಿಂತಿತು. ಗಿಳಿಗೆ ಬೆರಳು ಕೊಕ್ಕಾಯಿತು. ಚಿಗರಿಗೆ ಕೋಡು ಅರ್ಧ ಎದ್ದಿತು. ನಾನು ದನಿ ಇಳಿಸಿದೆ. "ಮೊಲಣ್ಣ ಮೊಲಣ್ಣ..." ಎಂದೆ. ಅವಳು ಮತ್ತೆ ಗೋಡೆ ಕೆರೆಯತೊಡಗಿದಳು. ಕಥೆ ನಿಂತುಹೋಯಿತು ಎಂದುಕೊಂಡಳೇನೋ. ನಾನು ಅದೇ ದನಿಯಲ್ಲಿ ಅವಳ ಹೆಸರು ಕರೆದೆ. "ಅವ್ವ ಇಲ್ಲೇ ಅದಾಳ" ಎಂದೆ. ಒಂದು ಗೇಣಿನ ದೂರ... ಅವಳು ತಿರುಗಲಿಲ್ಲ.

ಅವತ್ತೇ ಸಂಜೆ ನನ್ನ ಗಂಡನಿಗೆ ಹೇಳಿದೆ. ಅವರು ಮಗಳನ್ನು ಒಮ್ಮೆ ನೋಡಿ, ಏನೂ ವಾದ ಮಾಡದೆ, ನಾಳೆ ಹೋಗೋಣ ಎಂದರು.

ಹಾವೇರಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯಲ್ಲಿ ಗುಗ್ಗೆಯಾಗಲಿ ಸೋರುವುದಾಗಲಿ ಇಲ್ಲ, ಒಳಗಿನ ನರದ ತನಕ ಶಬ್ದ ಹೋಗುತ್ತಿದೆಯೇ ನೋಡಬೇಕು ಎಂದರು. ಇಷ್ಟು ಸಣ್ಣ ಮಗುವನ್ನು ಕೇಳಿಸಿತೇ ಎಂದು ಕೇಳುವಂತಿಲ್ಲ. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಯೊಳಗೆ ಟಕ್ ಟಕ್ ಶಬ್ದ ಬಿಟ್ಟರೆ ಮೆದುಳಿನಿಂದ ಬರುವ ಸಣ್ಣ ಅಲೆಯನ್ನು ಯಂತ್ರ ಹಿಡಿಯುತ್ತದೆ. ಆದರೆ ಮಗು ಗಾಢ ನಿದ್ದೆಯಲ್ಲಿರಬೇಕು. ಕಣ್ಣು ಹೊರಳಿಸಿದರೂ, ಚೀಪಿದರೂ ಆ ಅಲೆ ಕೆಟ್ಟುಹೋಗುತ್ತದೆ.

ನಂತರದ ಬುಧವಾರ ಮೊದಲ ಸಲ ನಿದ್ದೆಯ ಔಷಧಿ ಕುಡಿಸಿದರು. ಚಿನ್ನಿ ಅದನ್ನು ನನ್ನ ಮೈಮೇಲೆಯೇ ವಾಂತಿ ಮಾಡಿದಳು. ಹಣೆ ಉಜ್ಜಲು ಹೋದರೆ ಕಿರುಚಿ ನೀಲಿಯಾದಳು. ಎರಡು ತಾಸು ಕಾದು ವಾಪಸು ಬಂದೆವು. ಪರೀಕ್ಷೆ ಮಾಡುವ ಹುಡುಗಿ ಹುಬ್ಬಳ್ಳಿಯಿಂದ ವಾರಕ್ಕೊಂದೇ ದಿನ ಬರುತ್ತಿದ್ದಳು. ಹೊರಡುವಾಗ ಅವಳು ಮೆಲ್ಲಗೆ ನನಗೆ ಹೇಳಿದಳು: "ಮ್ಯಾಡಮ್, ಮುಂದಿನ ವಾರ ನಸುಕಿನ್ಯಾಗ ಎಬ್ಬಸ್ರಿ. ದಾರ್ಯಾಗ ಮಲಗಾಕ ಬಿಡಬ್ಯಾಡ್ರಿ. ಮನ್ಯಾಗ ಯಾರು ಮಲಗಸ್ತಾರೋ ಅವರನ್ನ ಕರ್ಕೊಂಡು ಬರ್ರಿ. ತಡಾ ಮಾಡಿದಷ್ಟೂ ಮಾತು ಕಲಿಯೂದು ತ್ರಾಸ ಆಕ್ಕೈತ್ರಿ."

ಮನೆಯಲ್ಲಿ ಯಾರು ಮಲಗಿಸುತ್ತಾರೆ ಎಂದು ಆ ಹುಡುಗಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಹಿತ್ತಲ ಬಾಗಿಲು ತೆಗೆದು ಹೋಗಿ ಆಕೆಯ ಕೋಣೆಯ ಹೊಸ್ತಿಲಲ್ಲಿ ನಿಂತೆ. ಹೇಳಬೇಕೆಂದು ಕಟ್ಟಿಕೊಂಡು ಹೋದದ್ದನ್ನು ಹೇಳಲಿಲ್ಲ. "ಬುಧವಾರ ಹಾವೇರಿಗೆ ಹೋಗೂದೈತ್ರಿ. ಚಿನ್ನಿನ್ನ ಮಲಗಿಸಬೇಕು" ಎಂದಷ್ಟೇ ಹೇಳಿದೆ. ಆಕೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. "ಎಷ್ಟೊತ್ತಿಗೆ ಹೊರಡೂದು?" ಎಂದು ಕೇಳಿದಳು. ಬಾಗಿಲು ಹಾಕಿದ್ದ ದಿನಗಳ ಬಗ್ಗೆ ಒಂದು ಮಾತೂ ಇಲ್ಲ. ನಾನೂ ಆಡಲಿಲ್ಲ.

ಬುಧವಾರ ನಸುಕಿನ ನಾಲ್ಕು ಗಂಟೆಗೆ ಚಿನ್ನಿಯನ್ನು ಎಬ್ಬಿಸಿದೆವು. ಅಂಗಳದಲ್ಲಿ ಓಡಾಡಿಸಿದೆವು. ಹತ್ತು ಗಂಟೆಗೆ ಕಾರು ಹತ್ತುವಾಗಲೇ ಅವಳ ರೆಪ್ಪೆ ಭಾರವಾಗಿದ್ದವು. ಕಾರಿನಲ್ಲಿ ಮಲಗಿಬಿಟ್ಟರೆ ಅಲ್ಲಿ ಎಚ್ಚರವಾಗಿ, ಮತ್ತೆ ಮಲಗುವುದಿಲ್ಲ. ಮೋಟೆಬೆನ್ನೂರು ದಾಟುವ ತನಕ ಹೇಗೋ ತಡೆದೆವು. ಆಮೇಲೆ ಕತ್ತು ವಾಲತೊಡಗಿತು. ನನ್ನ ಗಂಡ ಕಿಟಕಿ ಪೂರ್ತಿ ಇಳಿಸಿದರು. ಅಜ್ಜಿ ಅವಳ ಅಂಗಾಲಿಗೆ ಒದ್ದೆ ಬಟ್ಟೆ ತಾಗಿಸುತ್ತಾ, ಮಂಡಕ್ಕಿಯನ್ನು ಒಂದೊಂದೇ ಕೈಗೆ ಕೊಡುತ್ತಾ ಕೂತಿದ್ದಳು. ಒಂದು ಕಡೆ ಮಗು ಈಗಲೇ ಮಲಗಿಬಿಟ್ಟೀತು ಎಂಬ ಹೆದರಿಕೆ, ಇನ್ನೊಂದು ಕಡೆ ತಾಸು ಕಳೆದ ಮೇಲೆ ಮಲಗಲಾರಳೇನೋ ಎಂಬ ಹೆದರಿಕೆ...

ಆ ದಾರಿಯಲ್ಲೇ ಆಕೆ, ಯಾರೂ ಕೇಳದೆ, ಒಂದು ಮಾತು ಹೇಳಿದಳು. ಆಕೆಯ ಬಾಲವಾಡಿಯಲ್ಲಿ ಬಹಳ ಹಿಂದೆ ಒಬ್ಬ ಹುಡುಗನಿದ್ದನಂತೆ. ಕರೆದರೆ ಬರುತ್ತಿರಲಿಲ್ಲ, ಹೇಳಿದ್ದು ಕೇಳುತ್ತಿರಲಿಲ್ಲ. ಮಲಗುವ ಹೊತ್ತಿಗೆ ಎಲ್ಲರ ಮೇಲೆ ಬಿದ್ದು ಎಬ್ಬಿಸುತ್ತಿದ್ದ. "ಹಟಮಾರಿ ಅಂತ ಬಡದೇನಿ ಅವನ್ನ. ಕೈಲೇನ ಬಡದೇನಿ. ಐದು ವರ್ಷ ಆದ ಮ್ಯಾಲ ಗೊತ್ತಾತು, ಹುಟ್ಟಾ ಕಿವುಡ ಅಂತ." ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು. "ಅದಕ್ಕ ನಿನಗ ಹೇಳಿದೆ. ನೀ ಸಿಟ್ಟಾಕ್ಕಿ ಅಂತ ಗೊತ್ತಿತ್ತು."

ಪರೀಕ್ಷೆಯ ಕೋಣೆ ಸಣ್ಣದು. ಗೋಡೆಗೆಲ್ಲ ದಪ್ಪ ಮೆತ್ತೆ. ಒಂದು ಮಂಚ, ಒಂದು ಕುರ್ಚಿ, ಮೇಜಿನ ಮೇಲೆ ಯಂತ್ರ. ಫೋನುಗಳನ್ನು ಹೊರಗಿಡಿಸಿದರು. ಮಗು ಮಲಗಿದ ಮೇಲೆ ತಂತಿ ಹಚ್ಚುತ್ತೇನೆ ಎಂದಳು ಆ ಹುಡುಗಿ. ಅಜ್ಜಿ ಬೇಡ ಎಂದಳು. "ಮೊದಲ ಹಚ್ಚವಾ. ಅತ್ರ ಅಳಲಿ. ಅತ್ತು ದಣದ ಮ್ಯಾಲ ಮಲಗಸ್ತೇನಿ. ಮಲಗಿದ ಕೂಸಿನ ಹಣಿ ತಿಕ್ಕಿದ್ರ ಎಲ್ಲಾ ಹಾಳಾಕ್ಕೈತಿ." ಹುಡುಗಿ ಒಪ್ಪಿದಳು. ಉಸುಕಿನಂಥ ಮುಲಾಮಿನಿಂದ ಹಣೆ ಮತ್ತು ಕಿವಿಯ ಹಿಂದೆ ಉಜ್ಜಿ, ತಂತಿಯ ಬಿಲ್ಲೆಗಳನ್ನು ಅಂಟಿಸುವಾಗ ಚಿನ್ನಿ ಮುಖ ಕೆಂಪಗೆ ಮಾಡಿಕೊಂಡು ಅತ್ತಳು. ನಾನು ಅವಳ ಕೈ ಹಿಡಿದಿದ್ದೆ. ಬಿಟ್ಟರೆ ಕಿತ್ತು ಬಿಸಾಡುತ್ತಿದ್ದಳು. ಆಮೇಲೆ ದೀಪ ಸಣ್ಣ ಮಾಡಿದರು. ಅಜ್ಜಿ ಕುರ್ಚಿಯಲ್ಲಿ ಒರಗಿ ಕುಳಿತು ಅವಳನ್ನು ಎದೆಗೆ ಹಾಕಿಕೊಂಡಳು.

"ಮಂಗಣ್ಣ ಮಂಗಣ್ಣ" ಎಂದು ಗಟ್ಟಿಯಾಗಿ, ಮುಖಕ್ಕೆ ಮುಖ ಕೊಟ್ಟು ಶುರು ಮಾಡಿದಳು. ಬಿಕ್ಕುತ್ತಿದ್ದ ಚಿನ್ನಿ ತುಟಿ ನೋಡಿದಳು. ಗಿಳಿ ಬಂತು. ಚಿಗರಿ ಬಂತು. ಮುಂದಿನದು ಮೊಲ. ಅಲ್ಲಿಯೇ ಪ್ರತಿಸಲ ಕೆಡುತ್ತಿದ್ದುದು.

ಆಕೆ ದನಿ ಇಳಿಸಲಿಲ್ಲ. ದನಿಯನ್ನೇ ಬಿಟ್ಟಳು. ಚಿನ್ನಿಯ ತಲೆಯನ್ನು ಮೆಲ್ಲಗೆ ಒತ್ತಿ ಕಿವಿ ತನ್ನ ಎದೆಗೆ ತಾಗುವಂತೆ ಇಟ್ಟುಕೊಂಡು, ಬಾಯಿ ಮುಚ್ಚಿ "ಹೂಂ" ಎಂದು ಒಳಗಿನಿಂದ ಗುನುಗತೊಡಗಿದಳು. ಬಲಗೈಯ ಬೆರಳು ಮಗುವಿನ ಬೆನ್ನಿನ ಮೇಲೆ ನಡೆದವು. ಧಪ್... ಧಪ್... ಆನೆಮರಿಯ ಹೆಜ್ಜೆ. ಎರಡು ಬೆರಳು ಹೆಗಲ ಹತ್ತಿರ ಅಲುಗಿದವು, ಮೊಲದ ಕಿವಿ. ಅದರ ಬೆನ್ನಿಗೇ ಒಂದು ದೊಡ್ಡ ಆಕಳಿಕೆ. ಎದೆ ಉಬ್ಬಿ ಇಳಿಯಿತು. ಮತ್ತೆ ಹೆಜ್ಜೆ, ಇನ್ನೂ ನಿಧಾನ. ಮುಷ್ಟಿಯೊಂದು ಬೆನ್ನಹುರಿಯ ಗುಂಟ ತೆವಳಿತು, ಆಮೆ. ಒಂದು ಶಬ್ದವೂ ಬದಲಾಗಿರಲಿಲ್ಲ, ಶಬ್ದವೇ ಇರಲಿಲ್ಲ. ಮುಂದೇನು ಬರುತ್ತದೆ ಎಂದು ಚಿನ್ನಿಗೆ ಗೊತ್ತಿತ್ತು. ಅವಳ ಬೆರಳು ಆಕೆಯ ಸೀರೆಯ ಮೇಲೆ ಒಮ್ಮೆ ಕೋಡಾಗಿ, ಒಮ್ಮೆ ಕಿವಿಯಾಗಿ, ಆಮೇಲೆ ಏನೂ ಆಗದೆ ಬಿಡಿಸಿಕೊಂಡಿತು. ಇರುವೆ ಬಂದದ್ದು ಕಿರುಬೆರಳ ತುದಿಯಲ್ಲಿ. ಅದು ಬೆನ್ನ ಮೇಲೆ ಒಂದಂಗುಲ ಹೋಗುವಷ್ಟರಲ್ಲಿ ಚಿನ್ನಿಯ ಬಾಯಿ ತೆರೆದುಕೊಂಡಿತ್ತು.

ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುತ್ತದೆ ಎಂದು ಮೇಜಿಗೆ ಕಿವಿ ಹಚ್ಚಿಸಿ ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೆ.

ಹುಡುಗಿ ಮೆತ್ತನೆಯ ಸಣ್ಣ ಬಿರಡೆಯನ್ನು ಬಲಗಿವಿಗೆ ಇಟ್ಟಳು. ಯಂತ್ರದ ಪರದೆಯ ಮೇಲೆ ಗೆರೆಗಳು ಅಲುಗತೊಡಗಿದವು. ಸಾವಿರಾರು ಸಲ ಟಕ್ ಎನಿಸಿ, ಬಂದದ್ದನ್ನೆಲ್ಲ ಕೂಡಿಸಿ ಸರಾಸರಿ ಮಾಡಿದ ಮೇಲೆ ಒಂದು ಗೆರೆ ಸಿಗುತ್ತಿತ್ತು. ಗಟ್ಟಿ ಶಬ್ದಕ್ಕೆ ಗೆರೆಯಲ್ಲಿ ಒಂದು ಸಣ್ಣ ದಿಬ್ಬ ಎದ್ದಿತು. ಹುಡುಗಿ ಶಬ್ದ ಕಡಿಮೆ ಮಾಡಿದಳು. ದಿಬ್ಬ ತಗ್ಗಾಯಿತು, ಸ್ವಲ್ಪ ಬಲಕ್ಕೆ ಸರಿಯಿತು. ಇನ್ನೂ ಕಡಿಮೆ ಮಾಡಿದಳು. ಗೆರೆ ಚಪ್ಪಟೆ. ಅವಳು ಅದೇ ಮಟ್ಟದಲ್ಲಿ ಮತ್ತೊಮ್ಮೆ ಮಾಡಿದಳು. ಮತ್ತೆ ಚಪ್ಪಟೆ. ಅದರ ಅರ್ಥ ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಗೆರೆ ಚಪ್ಪಟೆಯಾದ ಆ ಜಾಗವೇ ಕಥೆಯ ಮೊಲ ಎಂದುಕೊಂಡೆ.

ಎಡಗಿವಿಗೆ ಬಿರಡೆ ಬದಲಿಸುವಾಗ ಚಿನ್ನಿ ಮುಖ ಕಿವುಚಿದಳು. ಪರದೆಯ ಗೆರೆಗಳೆಲ್ಲ ಕುಣಿದವು. ಕೈ ಹಣೆಯ ತಂತಿಯ ಕಡೆ ಹೋಯಿತು. ನಾನು ಎದ್ದೆ. ಅಜ್ಜಿ ಕಣ್ಣಿನಿಂದಲೇ ನನ್ನನ್ನು ಕೂರಿಸಿದಳು. ಮೈ ತಟ್ಟಬಾರದು, ಅಲೆ ಕೆಡುತ್ತದೆ ಎಂದು ಹುಡುಗಿ ಮೊದಲೇ ಹೇಳಿದ್ದಳು. ಆಕೆ ತಟ್ಟಲಿಲ್ಲ. ಉದ್ದವಾಗಿ ಉಸಿರೆಳೆದು ಬಿಟ್ಟಳು, ಆಕೆಯ ಎದೆಯ ಜೊತೆ ಮಗುವೂ ಎದ್ದು ಇಳಿಯಿತು. ಮತ್ತೊಮ್ಮೆ. ಮತ್ತೊಮ್ಮೆ. ನಿಂತ ತಾಯಿಯಾನೆ ಹೀಗೇ ಇರುತ್ತದೇನೋ. ಚಿನ್ನಿಯ ಕೈ ಕೆಳಗೆ ಬಿತ್ತು. ಗೆರೆಗಳು ಸುಮ್ಮನಾದವು. ಹುಡುಗಿ ಮತ್ತೆ ಶುರು ಮಾಡಿದಳು.

ಮುಗಿಯುವಾಗ ಮುಕ್ಕಾಲು ತಾಸು ಮೇಲಾಗಿತ್ತು. ಅಜ್ಜಿಗೆ ಎಡಗೈ ಎತ್ತಲು ಬರಲಿಲ್ಲ. ನನ್ನ ಗಂಡ ಆಕೆಯ ಕೈ ತಿಕ್ಕುತ್ತಾ ಕಾರಿಡಾರಿನ ಬೆಂಚಿನಲ್ಲಿ ಕೂತರು. ಒಳಗೆ ಡಾಕ್ಟರು ನನಗೆ, ಎರಡೂ ಕಿವಿಯಲ್ಲಿ ಮಧ್ಯಮ ಮಟ್ಟದ ಕೊರತೆ ಇದೆ, ಕಿವಿಗೆ ಯಂತ್ರ ಹಾಕಿದರೆ ಮಾತು ಕಲಿಯುತ್ತಾಳೆ, ಎರಡು ತುಂಬುವ ಮೊದಲೇ ಬಂದದ್ದು ಒಳ್ಳೆಯದಾಯಿತು ಎಂದರು. ಯಾರು ಗುರುತಿಸಿದರು ಎಂದು ಕೇಳಿದರು. ನಾನು, "ಮನ್ಯಾಗ ಗೊತ್ತಾತ್ರಿ" ಎಂದೆ. ಯಾಕೆ ಹಾಗೆಂದೆನೋ...

ಕಿವಿಯ ಅಚ್ಚು ತೆಗೆಸಿ, ಯಂತ್ರ ಬರಲು ಮೂರು ವಾರವಾಯಿತು. ಬಂದ ಮೇಲೂ ಸುಲಭವಿರಲಿಲ್ಲ. ಚಿನ್ನಿ ಅವುಗಳನ್ನು ಕಿತ್ತು ಒಮ್ಮೆ ಸಾರಿನ ಪಾತ್ರೆಗೆ, ಒಮ್ಮೆ ನೀರಿನ ತೊಟ್ಟಿಗೆ ಹಾಕಿದಳು. ಕಿವಿಗೆ ಸರಿಯಾಗಿ ಕೂರದಿದ್ದರೆ ಅವು ಕುಂಯ್ ಎನ್ನುತ್ತಿದ್ದವು. ಅತ್ತೆ ಅದನ್ನು ನೋಡಿ ಮೂಲೆಗೆ ಹೋಗಿ ಅಳುತ್ತಿದ್ದರು. ಬಾಲವಾಡಿ ಅಜ್ಜಿಯೇ ದಿನಕ್ಕೆ ಹತ್ತು ನಿಮಿಷ, ಆಮೇಲೆ ಇಪ್ಪತ್ತು ಎಂದು ರೂಢಿ ಮಾಡಿಸಿದಳು. ಕಥೆಯ ಹೊತ್ತಿಗೆ ಯಂತ್ರ ಹಾಕಿರಲೇಬೇಕೆಂಬುದು ಆಕೆ ಮಾಡಿದ ಮೊದಲ ಕಟ್ಟಳೆ. ಸುಮಾರು ಎರಡು ತಿಂಗಳಾದ ಮೇಲೆ ಒಂದು ಶನಿವಾರ ನಾನು ಶಾಲೆಯಿಂದ ಬಂದಾಗ ಹಸಿರು ಸೀರೆಯ ಆಚೆಯಿಂದ ಆಕೆಯ ಪಿಸುದನಿ ಕೇಳುತ್ತಿತ್ತು. ಚಿನ್ನಿ ಬೆನ್ನು ಮಾಡಿ ಕೂತಿದ್ದಳು. ಆಕೆ ಚಿಗರಿಯಿಂದ ನೇರ ಆಮೆಗೆ ಹೋದಳು. ಚಿನ್ನಿ ತಿರುಗಿದಳು. ಎರಡೂ ಕೈ ತಲೆಯ ಮೇಲಿಟ್ಟು, ಬಹಳ ಸಿಟ್ಟಿನಿಂದ, "ಮೊಯಾ" ಎಂದಳು.

ಅಜ್ಜಿ ನನ್ನನ್ನು ನೋಡಿದಳು. ಆಕೆ ಹಿಂದೆ ಹೋಗಿ ಮೊಲಕ್ಕೆ ಹೇಳಿ ಬಂದಳು.

ಆದರೆ ಮಲಗುವಾಗ ಆ ಯಂತ್ರಗಳನ್ನು ತೆಗೆಯಲೇಬೇಕು. ಹಾಗಾಗಿ ಕಥೆ ಕೊನೆಯ ತನಕ ಎರಡು ಥರ ಉಳಿಯಿತು. ಚಿಗರಿ, ಮೊಲದ ತನಕ ಕಿವಿಗೆ. ಆಮೇಲೆ ಆಕೆ ಒಂದೊಂದೇ ಯಂತ್ರ ಕಳಚಿ ಡಬ್ಬಿಗೆ ಹಾಕುತ್ತಿದ್ದಳು. ಆಮೆ ಮತ್ತು ಇರುವೆ ಬೆನ್ನಿಗೆ.

ಮರುವರ್ಷ ಆಕೆ ತನ್ನ ತಂಗಿಯ ಮನೆಗೆಂದು ಐರಣಿಗೆ ಹೋದಳು. ಹೊಳೆಯ ದಂಡೆಯ ಊರು, ಎಂಟು ದಿನ ಇದ್ದು ಬರುತ್ತೇನೆ ಎಂದಿದ್ದಳು. ಅಲ್ಲೇ ಎದೆನೋವು ಬಂದು ತೀರಿಹೋದಳು. ನಮಗೆ ಸುದ್ದಿ ತಲುಪಿ ನಾವು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಕೈಕಾಲು ತೊಳೆಯುತ್ತಿದ್ದರು. ತಂಗಿ ನನ್ನನ್ನು ಗುರುತಿಸದೆ, "ನೀವು ಏನಾಗಬೇಕ್ರಿ?" ಎಂದು ಕೇಳಿದಳು. ನನ್ನ ಬಾಯಿಂದ ಬಂದದ್ದು, "ಅವರಿದ್ದ ಮನಿ ಮಾಲಕರ್ರಿ" ಎಂಬ ಮಾತು. ಆಕೆ ನೀರು ತರಲು ಒಳಗೆ ಹೋದಳು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಬೇರೆ ಏನು ಹೇಳಬಹುದಿತ್ತು ಎಂದು ಇಷ್ಟು ವರ್ಷ ಹುಡುಕಿದ್ದೇನೆ...

ನಾವೀಗ ಹಾವೇರಿಯಲ್ಲಿದ್ದೇವೆ. ಚಿನ್ನಿಗೆ ಎಂಟು ವರ್ಷ. ವಟವಟ ಮಾತಾಡುತ್ತಾಳೆ, 'ಸ' ಮತ್ತು 'ಶ' ಮಾತ್ರ ಒಂದೇ ಥರ ಬರುತ್ತವೆ. ಬಾಲವಾಡಿ ಅಜ್ಜಿಯ ಮುಖ ಅವಳಿಗೆ ನೆನಪಿಲ್ಲ. ಇರುವುದೂ ಸಾಧ್ಯವಿಲ್ಲ. ಒಂದು ಫೋಟೋ ಇದ್ದಿದ್ದರೆ ತೋರಿಸಬಹುದಿತ್ತು. ಮಗುವಿನ ನೂರಾರು ಫೋಟೋ ತೆಗೆದ ನಾವು ಆಕೆಯದು ಒಂದೂ ತೆಗೆದಿರಲಿಲ್ಲ.

ಅಂಗಡಿಯಿಂದ ಬಂದ ಆ ಸಂಜೆ ಚಿನ್ನಿಗೆ ಇದನ್ನೆಲ್ಲ ಮೊದಲ ಸಲ ಪೂರ್ತಿ ಹೇಳಿದೆ. ಹಿತ್ತಲ ಬಾಗಿಲು ಹಾಕಿದ್ದನ್ನೂ ಮುಚ್ಚಿಡಲಿಲ್ಲ. ಅವಳು ನಡುವೆ ಒಂದೂ ಪ್ರಶ್ನೆ ಕೇಳಲಿಲ್ಲ. ಮುಗಿದ ಮೇಲೆ ಸ್ವಲ್ಪ ಯೋಚಿಸಿ, "ಆಮ್ಯಾಲ ನೀ ಅಜ್ಜಿಗೆ ತಪ್ಪಾತು ಅಂದ್ಯೇನ?" ಎಂದಳು.

"ಇಲ್ಲ" ಎಂದೆ.

"ಯಾಕ?"

ಹೇಳುತ್ತೇನೆ, ಹೇಳುತ್ತೇನೆ ಎಂದು ಒಂದು ವರ್ಷ ಇದ್ದೆ. ದಿನಾ ಎದುರಿಗೇ ಇದ್ದಳಲ್ಲ, ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಇದನ್ನು ಮಗಳಿಗೆ ಹೇಳಲು ಬಾಯಿ ತೆರೆದೆ. ದನಿ ಬರಲಿಲ್ಲ. ಚಿನ್ನಿ ಇನ್ನೂ ನನ್ನ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದಳು.